ಬಡಾಯಿ ಮಾವನಿಗೂ ಒಂದು ಲೆಕ್ಕ ಬೇಕು

ಹವ್ಯಾಸಿ ರಂಗತಂಡಗಳಿಗೆ, ಗಣೇಶೋತ್ಸವದ ವೇದಿಕೆಗಳಿಗೆ, ಫೋನಿನಲ್ಲಿ ನೋಡುವ ಪುಟ್ಟ ವಿಡಿಯೊಗಳಿಗೆ ಹಾಸ್ಯ ಬರೆಯುತ್ತಿರುವ ಗೆಳೆಯ ಗೆಳತಿಯರೇ,

ನಿಮ್ಮ ಸ್ಕ್ರಿಪ್ಟುಗಳನ್ನು ಓದುವ, ರಿಹರ್ಸಲ್ಲಿಗೆ ಬಂದು ಕೂರುವ ಅವಕಾಶ ನನಗೆ ಆಗಾಗ ಸಿಗುತ್ತದೆ. ಹೆಚ್ಚುಕಡಿಮೆ ಪ್ರತಿಯೊಂದರಲ್ಲೂ ಒಬ್ಬ ಮಾವ ಇರುತ್ತಾರೆ. ಗರಿಗರಿ ಅಂಗಿ, ಗಂಟಲು ಸರಿಮಾಡಿಕೊಂಡೇ ಶುರುವಾಗುವ ಮಾತು, ಒಂದನ್ನು ನೂರು ಮಾಡಿ ಹೇಳುವ ಬಾಯಿ. ಮೊದಲ ಸಲ ಅವರು ಬಂದಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೂರನೆಯ ಸಲಕ್ಕೆ ನಗು ಮುಂದಿನ ಎರಡು ಸಾಲುಗಳಲ್ಲಿ ಮಾತ್ರ. ಆಗ ನೀವು ಗಾಬರಿಯಾಗಿ ಬಡಾಯಿಯ ಗಾತ್ರ ಹೆಚ್ಚಿಸುತ್ತೀರಿ. ಮಾವ ಹುಲಿಯ ಜತೆ ಕುಸ್ತಿ ಆಡಿದ್ದಾಯಿತು, ಮುಂದಿನ ಕಂತಿನಲ್ಲಿ ಚಂದ್ರಲೋಕಕ್ಕೂ ಹೋಗಿ ಬರುತ್ತಾರೆ. ನಗು ಇನ್ನಷ್ಟು ಇಳಿಯುತ್ತದೆ.

ಗಾತ್ರ ಸಾಲದೆ ಹೀಗಾಗುತ್ತಿಲ್ಲ. ನಿಮ್ಮ ಮಾವನಿಗೆ ಲೆಕ್ಕ ಇಲ್ಲ. ಯಾವುದರ ಬಗ್ಗೆ ಬೇಕಾದರೂ, ಎಷ್ಟು ಬೇಕಾದರೂ, ಯಾರ ಮುಂದೆ ಬೇಕಾದರೂ ಕೊಚ್ಚಿಕೊಳ್ಳುವ ವ್ಯಕ್ತಿಯನ್ನು ಪ್ರೇಕ್ಷಕ ನೆನಪಿಟ್ಟುಕೊಳ್ಳಲಾರ, ಏಕೆಂದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಒಂದು ಪಾತ್ರ ಕಂತಿನಿಂದ ಕಂತಿಗೆ ನಿಲ್ಲಬೇಕಾದರೆ ಅದರ ಉತ್ಪ್ರೇಕ್ಷೆಗೆ ಆ ಮನುಷ್ಯನ ಬದುಕಿನಿಂದಲೇ ಹುಟ್ಟಿದ ಒಂದು ನಿಯಮ ಇರಬೇಕು. ಈ ಮಾತನ್ನು ಬರೀ ಉಪದೇಶವಾಗಿ ಹೇಳಿ ಬಿಡುವ ಬದಲು ಒಬ್ಬ ಮಾವನನ್ನು ಇಲ್ಲೇ ಕಟ್ಟಿ ತೋರಿಸುತ್ತೇನೆ.

ಅವರ ಹೆಸರು ನಂಜುಂಡಪ್ಪ ಎಂದಿಟ್ಟುಕೊಳ್ಳಿ. ಊರು ತಿಪಟೂರು. ಕೆಇಬಿಯ ಸ್ಟೋರಿನಲ್ಲಿ ಕೀಪರ್ ಆಗಿದ್ದು ನಿವೃತ್ತರಾದವರು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಆಮೇಲೆ ಬೆಸ್ಕಾಂ ಬಂತು. ಮಾವನ ಬಾಯಲ್ಲಿ ಮಾತ್ರ ಇವತ್ತಿಗೂ ಕೆಇಬಿಯೇ. ಕಂಬ ಹತ್ತಿದವರು ಲೈನ್‌ಮನ್‌ಗಳು, ನಕ್ಷೆ ಬರೆದವರು ಎಂಜಿನಿಯರುಗಳು. ಇವರು ಒಳಗೆ ಕೂತು ವೈರು, ಫ್ಯೂಸು, ಇನ್ಸುಲೇಟರು ಎಣಿಸಿ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡವರು. ಊರಿಗೆ ಬೆಳಕು ಬಂದ ದಿನ ಹಾರ ಬಿದ್ದದ್ದು ಬೇರೆಯವರ ಕೊರಳಿಗೆ. ಹಾಗಾಗಿ ಅವರಿಗೆ ಇರುವುದು ಒಂದೇ ಹಸಿವು. ದೊಡ್ಡ ಘಟನೆ ನಡೆದಾಗ ತಾನೂ ಅಲ್ಲಿದ್ದೆ, ತನ್ನ ಕೈ ದಾಟದೆ ಅದು ನಡೆಯಲಿಲ್ಲ ಎಂದು ನಾಲ್ಕು ಜನ ಒಪ್ಪಬೇಕು.

ಈ ಹಸಿವನ್ನು ಮೊದಲು ಗೊತ್ತುಮಾಡಿಕೊಂಡರೆ ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ. ಮಾವ ತಮ್ಮ ದೇಹಬಲದ ಬಗ್ಗೆ ಕೊಚ್ಚುವುದಿಲ್ಲ, ಶ್ರೀಮಂತಿಕೆಯ ಬಗ್ಗೆಯೂ ಇಲ್ಲ. ಅವರ ಬಡಾಯಿಯೆಲ್ಲ ತಮ್ಮ ಮೂಲಕ ಹಾದುಹೋದ ವಸ್ತುಗಳ ಬಗ್ಗೆ, ಅವುಗಳ ಸಂಖ್ಯೆಯ ಬಗ್ಗೆ. ಜೀವಮಾನವೆಲ್ಲ ಎಣಿಸಿದ ಮನುಷ್ಯ "ಸಾವಿರಾರು" ಎನ್ನುವುದಿಲ್ಲ, "ನಾನೂರ ಮೂವತ್ತೇಳು" ಎನ್ನುತ್ತಾರೆ. ಸುಳ್ಳಿಗೆ ಇಂಥ ನಿಖರ ಅಂಕಿ ಸೇರಿದಾಗ ಅದು ಆ ಮನುಷ್ಯನ ಸುಳ್ಳೇ ಆಗುತ್ತದೆ, ಬೇರೆಯವರು ಅದನ್ನು ಹೇಳಲಾಗದು. ಇನ್ನೊಂದು ಕಡೆ, ಏನನ್ನು ಉಬ್ಬಿಸುವುದಿಲ್ಲ ಎನ್ನುವುದೂ ಅಷ್ಟೇ ಮುಖ್ಯ. ದುಡ್ಡಿನ ವಿಷಯದಲ್ಲಿ ನಂಜುಂಡಪ್ಪ ಒಂದು ಪೈಸೆಯನ್ನೂ ಹೆಚ್ಚು ಹೇಳುವುದಿಲ್ಲ. ನಿವೃತ್ತಿಯ ದಿನ ಚಾರ್ಜ್ ಒಪ್ಪಿಸುವಾಗ ಸ್ಟಾಕ್ ಪೂರ್ತಿ ತಾಳೆಯಾಯಿತು, ಒಂದು ನಟ್ಟೂ ಕಮ್ಮಿ ಬರಲಿಲ್ಲ. ಅದು ನಿಜವಾಗಿಯೂ ಅವರ ಸಾಧನೆ. ಅದನ್ನು ಅವರು ಯಾರ ಮುಂದೆಯೂ ಕೊಚ್ಚಿಕೊಳ್ಳುವುದಿಲ್ಲ. ಇಡೀ ಸರಣಿಯಲ್ಲಿ ಒಂದೇ ಸಲ, ಯಾರಾದರೂ ಕೇಳಿದಾಗ, ಮಾಮೂಲಿ ದನಿಯಲ್ಲಿ ಒಂದು ವಾಕ್ಯ ಹೇಳಿ ಬೇರೆ ಮಾತಿಗೆ ಹೋಗುತ್ತಾರೆ. ಬಡಾಯಿ ಬರುವುದು ಏನೂ ಇಲ್ಲದ ಜಾಗದಿಂದ. ಇರುವ ಜಾಗಕ್ಕೆ ಅದು ಬೇಕಾಗುವುದಿಲ್ಲ. ಬರೆಯುವಾಗ ಈ ಗೆರೆ ನಿಮ್ಮ ಕಣ್ಣ ಮುಂದಿರಲಿ.

ಈಗ ಒಂದು ದೃಶ್ಯ. ಸೋದರಳಿಯ ಮಧುವಿನ ಮನೆಯ ಗೃಹಪ್ರವೇಶ. ಊಟಕ್ಕೆ ಮೊದಲು ಕರೆಂಟು ಹೋಗಿದೆ, ಹಾಲಿನಲ್ಲಿ ನೆಂಟರು ಕೂತಿದ್ದಾರೆ. ಮಾವ ಬಾಯಿ ತೆರೆಯುವ ಮೊದಲು ನೀವು ಮಾಡಬೇಕಾದ ಕೆಲಸವೊಂದಿದೆ. ನಿಜ ಎಷ್ಟು ಎನ್ನುವುದನ್ನು ಪ್ರೇಕ್ಷಕರಿಗೆ ಮೊದಲೇ ತಿಳಿಸಿಬಿಡಬೇಕು. ಅಡುಗೆಮನೆಯಲ್ಲಿ ಮಾವನ ಹೆಂಡತಿ ಜಯಮ್ಮತ್ತೆ ಎಲೆ ಒರೆಸುತ್ತಾ ಮಧುವಿನ ಹೆಂಡತಿಗೆ ಹೇಳುತ್ತಾರೆ: "ಈಗ ನೋಡು, ಕರೆಂಟ್ ಹೋಯ್ತಲ್ಲ, ನಿಮ್ ಮಾವ ಮಂತ್ರಿ ಸಭೆ ಕತೆ ತೆಗೀತಾರೆ. ಆವತ್ತು ಸ್ಟೋರಲ್ಲಿ ಕೂತ್ಕೊಂಡು ಎರಡು ಫ್ಯೂಸ್ ಕೊಟ್ರು. ಮಳೆ ಬರೋ ಹಾಗಿದೆ ಅಂತ ಆರು ಗಂಟೆಗೇ ಮನೇಗ್ ಬಂದು ಮಂಡಕ್ಕಿ ತಿಂದ್ರು." ಅಷ್ಟೇ. ಈಗ ಹಾಲಿಗೆ ಬನ್ನಿ.

"ಇದೇನ್ ಕತ್ಲೆ ಬಿಡೋ. ಮಂತ್ರಿಗಳ ಸಭೇಲಿ ಕರೆಂಟ್ ಹೋಯ್ತಲ್ಲ, ಅದು ಕತ್ಲೆ. ಎಂಜಿನಿಯರು ಎದ್ದೂ ಬಿದ್ದೂ ನನ್ ಹತ್ರ ಓಡ್ ಬಂದ್ರು. ಹದಿನಾಲ್ಕು ಫ್ಯೂಸ್ ಕೊಟ್ಟೆ."

"ಒಂದು ಸಭೆಗೆ ಹದಿನಾಲ್ಕು ಯಾಕೆ ಮಾವ?"

"ಸಭೆಗೆ ಎರಡೇ ಕಣೋ. ಮಿಕ್ಕ ಹನ್ನೆರಡು ಊರಿಗೆ. ಇಡೀ ತಿಪಟೂರು ಕತ್ಲೆ ಆವತ್ತು."

"ಅರಸೀಕೆರೇಲಿ ನಾವಿದ್ವಲ್ಲ ಭಾವ, ಅಲ್ಲೂ ಹೋಗಿತ್ತಾ?"

"ನಿಮ್ಗೆ ಗೊತ್ತಾಗೋಷ್ಟ್ರಲ್ಲಿ ಬಂದ್ಬಿಡ್ತು. ಯಾಕೆ ಬಂತು? ನಾನ್ ಕಳಿಸ್ದೆ, ಅದಕ್ಕೆ."

"ರಿಜಿಸ್ಟರಲ್ಲಿ ಸಹಿ?"

"ಸಹಿ ಇಲ್ದೆ ಸಾಮಾನು ಆಚೆ ಬಿಡ್ತೀನೇನೋ? ಮಂತ್ರಿಗಳ ಕೈಲೇ ಹಾಕ್ಸ್ಕೊಂಡೆ."

ಈ ತುಣುಕಿನಲ್ಲಿ ನಗು ಎಲ್ಲಿ ಹುಟ್ಟುತ್ತದೆ ನೋಡಿ. ಹದಿನಾಲ್ಕು ಎನ್ನುವ ಸಂಖ್ಯೆ ತಾನಾಗಿ ತಮಾಷೆಯದಲ್ಲ. ಎರಡು ಎಂದು ನಮಗೆ ಗೊತ್ತಿರುವುದರಿಂದ ತಮಾಷೆ. ಅದಕ್ಕಿಂತ ಹೆಚ್ಚಾಗಿ, ಸಿಕ್ಕಿಬೀಳುವ ಸಂದರ್ಭದಲ್ಲಿ ಆ ನಿಜವಾದ ಎರಡು ತಾನಾಗಿಯೇ ಅವರ ಬಾಯಿಂದ ಆಚೆ ಬರುತ್ತದೆ. ಸುಳ್ಳಿನ ಒಳಗೆ ನಿಜ ಹಾಗೇ ಇದೆ, ಮಾವ ಅದನ್ನು ಮುಚ್ಚುವುದಿಲ್ಲ, ಅದರ ಸುತ್ತ ಕಟ್ಟುತ್ತಾರೆ. ಕೊನೆಯ ಸಾಲಿನಲ್ಲಿ ಅವರ ವೈಭವದ ತುದಿ ಯಾವುದು? ಮಂತ್ರಿ ತಬ್ಬಿಕೊಂಡರು ಎಂದಲ್ಲ, ಸನ್ಮಾನ ಮಾಡಿದರು ಎಂದೂ ಅಲ್ಲ. ರಿಜಿಸ್ಟರಿನಲ್ಲಿ ಸಹಿ ಹಾಕಿದರು ಎಂದು. ಸ್ಟೋರ್ ಕೀಪರ್ ಒಬ್ಬನಿಗೆ ಮಾತ್ರ ಹೊಳೆಯಬಹುದಾದ ವೈಭವ ಅದು.

ನಿಜ ಮೊದಲು, ಬಡಾಯಿ ಆಮೇಲೆ ಎಂಬ ಈ ಕ್ರಮ ಬಹಳ ಹಳೆಯದು. ಶೇಕ್ಸ್‌ಪಿಯರನ 'ನಾಲ್ಕನೆಯ ಹೆನ್ರಿ' ನಾಟಕದ ಮೊದಲ ಭಾಗ 1598ರಲ್ಲಿ ಅಚ್ಚಾಯಿತು. ಅದರಲ್ಲಿ ಫಾಲ್‌ಸ್ಟಾಫ್ ಎಂಬ ದಢೂತಿ ನೈಟ್ ದಾರಿಹೋಕರನ್ನು ದೋಚುತ್ತಾನೆ, ಆಮೇಲೆ ವೇಷ ಮರೆಸಿಕೊಂಡು ಬಂದ ಅವನ ಗೆಳೆಯರಿಬ್ಬರೇ, ಅಂದರೆ ರಾಜಕುಮಾರ ಹ್ಯಾಲ್ ಮತ್ತು ಪಾಯಿನ್ಸ್, ಅವನನ್ನೂ ಅವನ ಜತೆಯವರನ್ನೂ ಓಡಿಸಿ ಲೂಟಿಯನ್ನು ಕಸಿದುಕೊಳ್ಳುತ್ತಾರೆ. ಇದು ನಮ್ಮ ಕಣ್ಣೆದುರೇ ನಡೆಯುತ್ತದೆ. ಆಮೇಲೆ ಹೆಂಡದಂಗಡಿಯಲ್ಲಿ ಕೂತು ಅವನು ಕಾಳಗದ ಕತೆ ಹೇಳುವಾಗ ಒರಟು ಬಟ್ಟೆ ತೊಟ್ಟ ಇಬ್ಬರು ಶತ್ರುಗಳು ನಾಲ್ವರಾಗುತ್ತಾರೆ, ನಾಲ್ವರು ಏಳಾಗುತ್ತಾರೆ, ಏಳು ಒಂಬತ್ತು, ಒಂಬತ್ತು ಹನ್ನೊಂದು. ಎರಡರಿಂದ ಒಂದೇ ಸಲಕ್ಕೆ ಹನ್ನೊಂದಕ್ಕೆ ಹಾರಿದ್ದರೆ ನಗು ಒಂದು ಸಲ ಬರುತ್ತಿತ್ತು. ಮೆಟ್ಟಿಲು ಸಣ್ಣದಾಗಿರುವುದರಿಂದ ಪ್ರತಿ ಮೆಟ್ಟಿಲಿಗೂ ಬರುತ್ತದೆ. ಜತೆಗೆ ಕೇಳುತ್ತಾ ಕೂತ ಹ್ಯಾಲ್ ನಿಜ ಗೊತ್ತಿದ್ದೂ ಬಾಯಿಬಿಡದೆ ಅವನನ್ನು ಇನ್ನಷ್ಟು ಮೇಲಕ್ಕೆ ಹತ್ತಿಸುತ್ತಾನೆ. ಕಡೆಗೆ ನಿಜ ಹೇಳಿ ಸಿಕ್ಕಿಹಾಕಿಸಿದಾಗ ಫಾಲ್‌ಸ್ಟಾಫ್ ನಾಚುವುದಿಲ್ಲ. ನೀನೆಂದು ನನಗೆ ಮೊದಲೇ ಗೊತ್ತಿತ್ತು, ಯುವರಾಜನ ಮೇಲೆ ಕೈ ಮಾಡಬಾರದೆಂದು ಸುಮ್ಮನಿದ್ದೆ ಎಂಬ ಅರ್ಥದ ಮಾತಾಡಿ ಪಾರಾಗುತ್ತಾನೆ.

ಸಿಕ್ಕಿಬಿದ್ದಾಗ ಏನು ಮಾಡುತ್ತಾನೆ ಎನ್ನುವುದು ಬಡಾಯಿ ಪಾತ್ರದ ಬೆನ್ನೆಲುಬು. ಫಾಲ್‌ಸ್ಟಾಫ್ ತನ್ನ ಪಲಾಯನಕ್ಕೇ ನಿಷ್ಠೆಯ ಬಣ್ಣ ಬಳಿಯುತ್ತಾನೆ. ನಮ್ಮ ನಂಜುಂಡಪ್ಪ ಮಾವನದು ಬೇರೆ ದಾರಿ: ಸಾಕ್ಷಿ ತೋರಿಸುವುದು. ರಿಜಿಸ್ಟರು ಇದೆ, ಅದು ತುಮಕೂರಿನ ಆಫೀಸಿನಲ್ಲಿದೆ. ಕಂಡವನೊಬ್ಬನಿದ್ದಾನೆ, ಅವನು ತೀರಿಕೊಂಡು ಹತ್ತು ವರ್ಷವಾಯಿತು. ದಾಖಲೆಯ ಮನುಷ್ಯನಾದ್ದರಿಂದ ಸಿಕ್ಕಿಬಿದ್ದಾಗಲೂ ದಾಖಲೆಯನ್ನೇ ಹುಡುಕುತ್ತಾರೆ. ನೀವು ಯಾವ ದಾರಿ ಆರಿಸಿಕೊಂಡರೂ ಸರಿ, ಆದರೆ ಒಂದನ್ನೇ ಆರಿಸಿಕೊಳ್ಳಿ. ಈ ವಾರ ಕೋಪ ಮಾಡಿಕೊಂಡು ಎದ್ದುಹೋಗುವ ಮಾವ, ಮುಂದಿನ ವಾರ ಕಣ್ಣು ಮಿಟುಕಿಸಿ "ತಮಾಷೆಗೆ ಅಂದೆ" ಎಂದರೆ ಅಲ್ಲಿಗೆ ಮುಗಿಯಿತು. "ತಮಾಷೆಗೆ ಅಂದೆ" ಎಂಬ ಮಾತನ್ನಂತೂ ಬಡಾಯಿ ಪಾತ್ರ ಯಾವತ್ತೂ ಆಡಕೂಡದು. ತಾನು ಹೇಳುತ್ತಿರುವುದನ್ನು ಆ ಕ್ಷಣಕ್ಕೆ ತಾನು ಪೂರ್ತಿ ನಂಬಿರಬೇಕು. ನಂಬದೆ ಹೇಳಿದರೆ ಅವನು ಸುಳ್ಳುಗಾರ. ಲಾಭಕ್ಕಾಗಿ ಹೇಳಿದರೆ ಮೋಸಗಾರ. ಅವರಿಬ್ಬರಿಗೂ ಬೇರೆ ನಾಟಕ ಬರೆಯಬಹುದು, ಅದು ಈ ಮಾವನ ನಾಟಕವಲ್ಲ.

ಈಗ ಎಲ್ಲಿ ಹಳಿ ತಪ್ಪುತ್ತದೆ ಎಂಬುದಕ್ಕೆ ಬರುತ್ತೇನೆ. ಅದೇ ಗೃಹಪ್ರವೇಶದಲ್ಲಿ ಎಲೆ ಹಾಕಿದ್ದಾರೆ, ಹೋಳಿಗೆ ಬಂತು. ನಿಮ್ಮಲ್ಲಿ ಬಹಳ ಜನ ತಕ್ಷಣ ಬರೆಯುವ ಸಾಲು ಇದು: "ನಮ್ಮ ಕಾಲದಲ್ಲಿ ನಾನು ಒಂದೇ ಪಂಕ್ತೀಲಿ ನೂರು ಹೋಳಿಗೆ ತಿಂದಿದ್ದೆ." ಸಭೆಯಲ್ಲಿ ನಗು ಬರುತ್ತದೆ, ನಿಮಗೂ ಸಮಾಧಾನವಾಗುತ್ತದೆ. ಆದರೆ ನಂಜುಂಡಪ್ಪ ಅಲ್ಲಿಂದ ಎದ್ದುಹೋಗಿ ಆಯಿತು. ಕೂತಿರುವುದು ಯಾರೋ ಹೊಟ್ಟೆಬಾಕ. ಹೋಳಿಗೆಯ ಬಗ್ಗೆ ನಮ್ಮ ಮಾವ ಏನು ಹೇಳಿಯಾರು? ತಿಂದದ್ದರಲ್ಲಿ ಅವರಿಗೆ ದೊಡ್ಡಸ್ತಿಕೆ ಇಲ್ಲ, ಹಂಚಿದ್ದರಲ್ಲಿ ಇದೆ. "ನಮ್ಮಕ್ಕನ ಮದುವೇಲಿ ಉಗ್ರಾಣ ನನ್ನ ಕೈಲಿತ್ತು. ಎರಡು ಸಾವಿರದ ಆರುನೂರ ಹನ್ನೆರಡು ಹೋಳಿಗೆ. ಎರಡು ಜಿಲ್ಲೆ ಜನ ಉಂಡ್ರು. ಕೊನೇಗೆ ಹನ್ನೊಂದು ಉಳೀತು, ವಾಪಸ್ ಜಮಾ ಮಾಡ್ಸ್ದೆ." ಹೋಳಿಗೆಯನ್ನು ವಾಪಸ್ ಜಮಾ ಮಾಡಿಸುವ ಮನುಷ್ಯ ತಿಪಟೂರಿನಲ್ಲಿ ಅವರೊಬ್ಬರೇ. ಅದೇ ಕಂತಿನಲ್ಲಿ ಎರಡನೆಯ ಸಲ ನಗು ಬಂತು, ಜತೆಗೆ ಮಾವ ಒಂದು ಹೆಜ್ಜೆ ಗಟ್ಟಿಯಾದರು.

ಇದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಸ್ಕ್ರಿಪ್ಟಿನಲ್ಲಿ ಎಡಬದಿಯ ಹೆಸರುಗಳ ಮೇಲೆ ಒಂದು ಕಾಗದ ಮುಚ್ಚಿ ಬರೀ ಮಾತುಗಳನ್ನು ಓದಿ. ಮಾವನ ಸಾಲು ಯಾವುದೆಂದು ತಾನಾಗಿ ಗೊತ್ತಾಗಬೇಕು. ಆ ಸಾಲನ್ನು ತೆಗೆದು ಪಕ್ಕದ ಮನೆಯ ಮೇಷ್ಟ್ರ ಬಾಯಿಗೆ ಹಾಕಿ ನೋಡಿ. ಅಲ್ಲೂ ಸಲೀಸಾಗಿ ಕೂತರೆ ಅದು ಮಾವನ ಸಾಲಲ್ಲ, ನಿಮಗೆ ಹೊಳೆದ ಒಂದು ಜೋಕು. ಎಷ್ಟೇ ಒಳ್ಳೆಯ ಜೋಕಾದರೂ ತೆಗೆದಿಡಿ. ಇದು ಕಷ್ಟದ ಕೆಲಸ ಎಂದು ನನಗೆ ಗೊತ್ತು, ಏಕೆಂದರೆ ಹೊಡೆಯುವ ಸಾಲನ್ನು ಹೊಡೆದುಹಾಕಲು ಯಾವ ಬರಹಗಾರನಿಗೂ ಮನಸ್ಸು ಬರುವುದಿಲ್ಲ. ಆದರೂ ಹಾಸ್ಯ ಪಾತ್ರಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಏಳೆಂಟು ಕಂತಾಗುವಷ್ಟರಲ್ಲಿ ಜನರಿಗೆ ಇಷ್ಟವಾದ ಪಾತ್ರದ ಬಾಯಿಗೇ ತಂಡದವರೆಲ್ಲ ತಮ್ಮ ತಮ್ಮ ಜೋಕು ತುಂಬುತ್ತಾರೆ, ಮಾವ ಜಾಣರಾಗುತ್ತಾರೆ. ಜಾಣರಾದ ಮಾವ ಬೇರೆಯವರನ್ನು ನೋಡಿ ನಗುತ್ತಾರೆ, ಅವರನ್ನು ನೋಡಿ ನಗುವುದಕ್ಕೆ ನಮಗೆ ಏನೂ ಉಳಿಯುವುದಿಲ್ಲ.

ನಟರ ಬಗ್ಗೆಯೂ ಒಂದು ಮಾತು. ಮಾವನ ಪಾತ್ರ ಸಾಮಾನ್ಯವಾಗಿ ತಂಡದ ಅತ್ಯಂತ ಚುರುಕು ನಟನಿಗೆ ಹೋಗುತ್ತದೆ, ಆತ ವೇದಿಕೆಯ ಮೇಲೆ ಸ್ವಂತ ಮಾತು ಸೇರಿಸುತ್ತಾನೆ. ಬೇಡವೆನ್ನಬೇಡಿ. ಮಾವನ ಹಸಿವು ಏನು, ಯಾವುದನ್ನು ಉಬ್ಬಿಸುತ್ತಾರೆ, ಯಾವುದನ್ನು ಮುಟ್ಟುವುದಿಲ್ಲ, ಸಿಕ್ಕಿಬಿದ್ದಾಗ ಏನು ಮಾಡುತ್ತಾರೆ ಎಂಬ ನಾಲ್ಕು ಸಾಲನ್ನು ಬರೆದು ಆತನ ಕೈಗೆ ಕೊಡಿ. ಆಮೇಲೆ ಆತ ಸೇರಿಸುವ ಮಾತು ಹೆಚ್ಚಿನ ಸಲ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ. ಪಲ್ಲವಿಯಂತೆ ಮರಳಿ ಬರುವ ತಕಿಯಾ ಕಲಾಮು ಇರಬೇಕೆ ಎಂದು ನೀವು ಕೇಳುತ್ತೀರಿ. ಇರಲಿ, ಆದರೆ ಅದನ್ನು ಮೊದಲೇ ತಯಾರಿಸಿಡಬೇಡಿ. ಎರಡು ಮೂರು ಕಂತಿನ ರಿಹರ್ಸಲ್ ಆದಾಗ "ಸಹಿ ಇಲ್ದೆ ಆಚೆ ಬಿಡ್ತೀನಾ" ಎನ್ನುವಂಥ ಮಾತು ತಾನೇ ಉಳಿದುಕೊಳ್ಳುತ್ತದೆ. ಒಂದು ಕಂತಿಗೆ ಒಂದು ಸಲ ಸಾಕು, ಅದೂ ಜನ ನಿರೀಕ್ಷಿಸುವ ಜಾಗದಿಂದ ಸ್ವಲ್ಪ ಆಚೀಚೆ.

ಮಾವನ ಸುತ್ತ ಯಾರಿದ್ದಾರೆ ಎನ್ನುವುದನ್ನು ನೀವು ಅಷ್ಟಾಗಿ ಯೋಚಿಸುತ್ತಿಲ್ಲ. ಎಲ್ಲರೂ ಮಾವನನ್ನು ಗೇಲಿ ಮಾಡುವವರೇ ಆದರೆ ಅಂಥ ಮನೆಗೆ ಅವರು ಯಾಕಾದರೂ ಬರುತ್ತಾರೆ? ಕೇಳುವವರಿಗೆ ಆ ಬಡಾಯಿ ಬೇಕಾಗಿರಬೇಕು. ಬಂಗಾಳಿಯ ಪ್ರೇಮೇಂದ್ರ ಮಿತ್ರರು 'ಮೊಶಾ', ಅಂದರೆ ಸೊಳ್ಳೆ, ಎಂಬ ಕತೆಯಿಂದ 1945ರಲ್ಲಿ ಶುರುಮಾಡಿದ ಘನಾದಾ ಸರಣಿಯನ್ನು ನೋಡಿ. ಕೋಲ್ಕತ್ತದ ಬನಮಾಲಿ ನಸ್ಕರ್ ಲೇನಿನ 72ನೇ ನಂಬರಿನ ಮೆಸ್ಸಿನಲ್ಲಿರುವ ಘನಾದಾ ಭೂಮಿಯ ಮೂಲೆಮೂಲೆಯಲ್ಲಿ ತಾನು ಮಾಡಿದ ಸಾಹಸಗಳನ್ನು ಹೇಳುತ್ತಾನೆ. ಮೆಸ್ಸಿನ ಹುಡುಗರಿಗೆ ಅದು ಬಡಾಯಿ ಎಂದು ಚೆನ್ನಾಗಿ ಗೊತ್ತು. ಆದರೂ ಒಳ್ಳೆಯ ತಿಂಡಿ ತರಿಸಿ, ಸಿಗರೇಟು ಕೊಟ್ಟು, ಕತೆ ಹೊರಡಿಸಲು ಉಪಾಯ ಹೂಡುತ್ತಾರೆ. ಘನಾದಾನಿಗೂ ಒಂದು ನಿಯಮವಿದೆ: ಅವನ ಕತೆಯ ಭೂಗೋಳ, ವಿಜ್ಞಾನ ಬಹುಮಟ್ಟಿಗೆ ನಿಜ, ಅಲ್ಲಿ ಅವನಿದ್ದ ಎಂಬುದಷ್ಟೇ ಸುಳ್ಳು. ನಂಜುಂಡಪ್ಪ ಮಾವನ ಸುತ್ತಲೂ ಹಾಗೆಯೇ ಬೇರೆ ಬೇರೆ ಕಿವಿಗಳನ್ನು ಕೂರಿಸಿ. ನಿಜ ಗೊತ್ತಿರುವ ಜಯಮ್ಮತ್ತೆ ಅಡುಗೆಮನೆಯಲ್ಲಿ ಮಾತ್ರ ಹೇಳುತ್ತಾರೆ, ನಾಲ್ಕು ಜನರ ಮುಂದೆ ಗಂಡನ ಮಾತು ತೆಗೆದುಹಾಕುವುದಿಲ್ಲ. ಲೆಕ್ಕ ಕೇಳುವವನು ಮಧು. ಪೂರ್ತಿ ನಂಬುವ ಒಂದು ಮಗು ಇರಲಿ. ಆ ಮಗು ಇದ್ದರೆ ಮಾವನ ಬಡಾಯಿಗೆ ಬೆಲೆ ಬರುತ್ತದೆ, ಏಕೆಂದರೆ ಅದರ ಮುಂದೆ ಸಿಕ್ಕಿಬೀಳುವುದು ಅವರಿಗೆ ನಿಜವಾಗಿಯೂ ನೋವಾಗುವ ವಿಷಯ.

ಕೊನೆಯ ಕಂತಿನ ವಿಚಾರ ಹೇಳಿ ಮುಗಿಸುತ್ತೇನೆ, ಏಕೆಂದರೆ ನಿಮ್ಮ ಬಹುತೇಕ ಸ್ಕ್ರಿಪ್ಟುಗಳಲ್ಲಿ ಮಾವ ಕೊನೆಗೆ ಕಣ್ಣೀರು ಹಾಕಿ, ಎಲ್ಲ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡು ಸರಿಹೋಗುತ್ತಾರೆ. ಬಡಾಯಿಗಾರ ಬದಲಾಗುವ ಕತೆ ನಮ್ಮಲ್ಲಿ ಒಂದು ಇದೆ, ಅದರಷ್ಟು ಚೆನ್ನಾಗಿ ಇನ್ನೊಂದಿಲ್ಲ. "ಉತ್ತರಕುಮಾರನ ಪೌರುಷ ಒಲೆಯ ಮುಂದೆ" ಎಂದು ಗಾದೆಯಾಗಿಬಿಟ್ಟಿರುವ ವಿರಾಟನ ಮಗನ ಕತೆ. ಸಾರಥಿಯೊಬ್ಬ ಸಿಕ್ಕರೆ ಕೌರವರನ್ನೆಲ್ಲ ಸದೆಬಡಿಯುತ್ತೇನೆ ಎಂದು ಅಂತಃಪುರದ ಹೆಂಗಸರ ಮುಂದೆ ಕೊಚ್ಚುತ್ತಾನೆ. ಸಾರಥಿಯಾಗಿ ಬರುವ ಬೃಹನ್ನಳೆ ಅರ್ಜುನನೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇಲ್ಲೂ ನಿಜ ಮೊದಲೇ ನಮ್ಮ ಕೈಯಲ್ಲಿದೆ. ಸೇನೆ ಕಣ್ಣಿಗೆ ಬಿದ್ದ ಕೂಡಲೇ ರಥದಿಂದ ಹಾರಿ ಓಡುತ್ತಾನೆ. ಯುದ್ಧ ಮುಗಿದ ಮೇಲೆ ಗೆದ್ದವನು ನೀನೇ ಎಂದು ಹೇಳಿಕೊ ಎಂದು ಅರ್ಜುನ ಅವಕಾಶವನ್ನೂ ಕೊಡುತ್ತಾನೆ. ಆಗ, ಬಡಾಯಿಗೆ ಎಲ್ಲ ಅನುಕೂಲ ಇದ್ದಾಗ, ಉತ್ತರ ತಂದೆಗೆ ಹೇಳುವುದು ಗೆದ್ದವನು ನಾನಲ್ಲ, ಒಬ್ಬ ದೇವಪುತ್ರ ಎಂದು. ನಿಜವಾದ ಯುದ್ಧವನ್ನು ಕಣ್ಣಾರೆ ನೋಡಿದ್ದರಿಂದ ಆ ಬದಲಾವಣೆ ಬಂತು, ಯಾರೋ ಬುದ್ಧಿ ಹೇಳಿದ್ದರಿಂದಲ್ಲ. ಅಲ್ಲಿಗೆ ಹಾಸ್ಯದ ಉತ್ತರನೂ ಮುಗಿದ. ಆಮೇಲೆ ಅವನು ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸಾಯುವ ಯೋಧ.

ಹಾಗಾಗಿ ಮಾವ ಮುಂದಿನ ವರ್ಷದ ಗಣೇಶೋತ್ಸವಕ್ಕೂ ಬೇಕಾದರೆ ಅವರನ್ನು ತಿದ್ದಲು ಹೋಗಬೇಡಿ. ಸಂದರ್ಭವನ್ನು ತಿರುಗಿಸಿ. ಒಂದು ಕಂತಿನಲ್ಲಿ ಮಾವ ಹೇಳುವುದು ಅಕ್ಷರಶಃ ನಿಜವಾಗಿರಲಿ. ಬೀದಿಗೆಲ್ಲ ಕರೆಂಟು ಹೋಗಿದೆ, ಬಂದ ಹುಡುಗ ಲೈನ್‌ಮನ್ ಹತ್ತಿರ ಫ್ಯೂಸಿಗೆ ಹಾಕುವ ತಂತಿ ಇಲ್ಲ, ಅಟ್ಟದ ಡಬ್ಬಿಯಲ್ಲಿ ಇದೆ ಎಂದು ಮಾವ ಹೇಳುತ್ತಿದ್ದಾರೆ. ಇಷ್ಟು ವರ್ಷ ಅವರ ಮಾತು ಕೇಳಿದವರು ಯಾರೂ ಅಟ್ಟ ಹತ್ತುವುದಿಲ್ಲ. ಮಧು ಹತ್ತುವುದಿಲ್ಲ, ಜಯಮ್ಮತ್ತೆಯೂ ನಂಬುವುದಿಲ್ಲ. ಕಡೆಗೆ ಆ ಮಗು ಹತ್ತಿ ಡಬ್ಬಿ ತರುತ್ತದೆ. ಬೆಳಕು ಬಂದ ಮೇಲೆ ಎಲ್ಲರೂ ಮಾವನ ಕಡೆ ತಿರುಗುತ್ತಾರೆ. ಇಲ್ಲಿ ಅವರ ಬಾಯಲ್ಲಿ ದೊಡ್ಡ ಭಾಷಣ ಬರೆಯುವ ಆಸೆಯಾಗುತ್ತದೆ, ಬರೆಯಬೇಡಿ. ನಿಜವಾಗಿ ಮಾಡಿದ ಕೆಲಸದ ಬಗ್ಗೆ ಅವರು ಕೊಚ್ಚುವುದಿಲ್ಲ ಎಂದು ನಾವೇ ಗೆರೆ ಹಾಕಿದ್ದೇವೆ. ಅವರು ಲೈನ್‌ಮನ್ ಹುಡುಗನ ಮುಂದೆ ಒಂದು ನೋಟ್‌ಬುಕ್ಕು ಹಿಡಿದು ಹೇಳಬೇಕಾದದ್ದು ಇಷ್ಟೇ: "ಇಲ್ಲೊಂದು ಸಹಿ ಹಾಕಪ್ಪ."

ನಿಮ್ಮ ಸ್ಕ್ರಿಪ್ಟುಗಳ ನಿರೀಕ್ಷೆಯಲ್ಲಿ,
ನಿಮ್ಮ ಹಾಗೆಯೇ ಸಂಭಾಷಣೆ ಬರೆಯುವ ಒಬ್ಬ